ಬೆನ್ನಿಗೆ ಬೆನ್ನು ಹಚ್ಚಿದ ಎರಡು ಹಾಳೆ

ಅವಳಿಗೂ ಒಂದು ಹೆಸರಿತ್ತು. ಆ ಹೆಸರು ಹಿಡಿದು ಕರೆಯುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಹೋದ ಮೇಲೆ ಬೀದಿಗೆಲ್ಲ ಅವಳು ಕಾಜಮ್ಮನಾಗಿ ಉಳಿದಳು. ಗುಂಡಿ ತೂರಿಸಲು ಅಂಗಿಯಲ್ಲಿ ಒಂದು ಸೀಳು ಬಿಟ್ಟು, ಅದರ ಅಂಚನ್ನು ದಾರದಿಂದ ಹೊಲಿದು ಭದ್ರ ಮಾಡುತ್ತಾರಲ್ಲ, ಅದೇ ಕಾಜ. ಮೂವತ್ತೊಂದು ವರ್ಷದಿಂದ ಟೈಲರ್ ಮೇಷ್ಟ್ರ ಅಂಗಡಿಯ ಹಿಂಬದಿಯ ಕಿಟಕಿಯ ಹತ್ತಿರ ಕೂತು ಆ ಕೆಲಸ ಮಾಡಿದವಳು. ಮೇಷ್ಟ್ರು ಬಟ್ಟೆ ಕತ್ತರಿಸುತ್ತಿದ್ದರು, ಮಿಷನ್ನು ಹೊಲಿಯುತ್ತಿತ್ತು, ಕಾಜ ಮಾತ್ರ ಇವಳ ಕೈಯಿಂದಲೇ ಆಗಬೇಕು. ಕಾಜಕ್ಕೂ ಮಿಷನ್ನು ಬಂದಾಗ ಮೇಷ್ಟ್ರು ಒಂದು ತಂದು ನೋಡಿ, ಎರಡೇ ತಿಂಗಳಲ್ಲಿ ಮೂಲೆಗಿಟ್ಟರು. "ಆ ಮಿಷನ್ನಿಗೆ ಬಾಯಿಲ್ಲ, ನಿನ್ನ ಹಾಗೆ ನನ್ನ ಬೈಯೋಲ್ಲ, ಬೇಜಾರಾಗುತ್ತೆ" ಎಂದಿದ್ದರು.

ಬಾಯಿ ಇತ್ತು ಅವಳಿಗೆ. ಗಂಡ ಬೇಗ ಹೋದ, ಒಬ್ಬಳೇ ಮಗಳು. ಬಾಯಿ ಇಲ್ಲದಿದ್ದರೆ ಆಗುತ್ತಿತ್ತೇ? ನೀರಿನ ಸಾಲಿನಲ್ಲಿ, ಶಾಲೆಯ ಕಚೇರಿಯಲ್ಲಿ, ಮಗಳ ಮದುವೆ ಮಾತಿನಲ್ಲಿ, ಎಲ್ಲ ಕಡೆಯೂ ಆ ಬಾಯಿಯೇ ಮುಂದೆ ನಡೆದು ದಾರಿ ಮಾಡಿತ್ತು. ಮಗಳ ಬದಲು ತಾನೇ ಉತ್ತರ ಕೊಟ್ಟು ಕೊಟ್ಟು ಅವಳಿಗೆ ಅದು ಉಸಿರಾಡಿದಷ್ಟೇ ಸಹಜವಾಗಿಬಿಟ್ಟಿತ್ತು. "ನಿನಗೆ ಎಷ್ಟು ವಯಸ್ಸಮ್ಮಾ?" ಎಂದು ಯಾರಾದರೂ ಮಗಳನ್ನು ಕೇಳಿದರೆ, ಪುಟ್ಟಿ ತುಟಿ ಬಿಚ್ಚುವಷ್ಟರಲ್ಲಿ ಇವಳು ವಯಸ್ಸನ್ನೂ ಹುಟ್ಟಿದ ವಾರವನ್ನೂ ಹೇಳಿ ಮುಗಿಸಿರುತ್ತಿದ್ದಳು.

ಆ ಪುಟ್ಟಿ ಎಂಟು ತಿಂಗಳ ಬಸುರಿಯಾಗಿ ತಾಯಿಯ ಮನೆಗೆ ಬಂದಳು. ಐದು ಗಂಟೆಯ ಬಸ್ ಪ್ರಯಾಣ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈ ಹೊಟ್ಟೆಯ ಮೇಲೆ. ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲು.

"ಏನೇ ಇದು, ಬ್ಯಾಗಿನೊಳಗೆ ಹಾಕ್ಬಾರ್ದಾ? ಕಂಕುಳಲ್ಲಿ ಬಿಸಿಯಾಗಿ ಮರಿ ಮಾಡುತ್ತೆ ಅಂತಾನಾ?" ಎಂದಳು ಕಾಜಮ್ಮ ಬಸ್ಸಿನ ಬಾಗಿಲಲ್ಲೇ.

"ನಿನ್ನ ಅಳಿಯನ ಆಜ್ಞೆ. ನಾನು ಕಳೆದುಹೋದ್ರೂ ಪರವಾಗಿಲ್ಲ, ಇದು ಕಳೀಬಾರ್ದಂತೆ."

ಅಳಿಯ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕಾಗದದ ಬಗ್ಗೆ ಅವನಿಗಿದ್ದ ಭಯಭಕ್ತಿ ಬೇರೆಯವರಿಗೆ ಬರುವಂಥದ್ದಲ್ಲ. ಒದ್ದೆಯಾದ ಅಂಕಪಟ್ಟಿ, ಇಲಿ ಕಡಿದ ಮನೆಪತ್ರ, ಮಡಿಕೆಯಲ್ಲೇ ಹರಿದುಹೋದ ಹುಟ್ಟಿದ ದಾಖಲೆ, ಇವುಗಳನ್ನು ಹಿಡಿದು ಅಳುತ್ತಾ ಬರುವವರನ್ನು ದಿನವೂ ನೋಡುವವನು. ಫೈಲಿನೊಳಗೆ ತಾಯಿ ಕಾರ್ಡು, ಸ್ಕ್ಯಾನಿನ ವರದಿ, ಇಂಜೆಕ್ಷನ್ನಿನ ಚೀಟಿ ಎಲ್ಲವೂ ತಾರೀಖಿನ ಪ್ರಕಾರ ಕೂತಿದ್ದವು. ಒಂದೇ ಒಂದು ಕಾಗದ ಇನ್ನೂ ಬರಬೇಕಿತ್ತು.

ಅದರ ವಿಷಯ ಹೀಗೆ. ಪುಟ್ಟಿಯ ರಕ್ತ ನೆಗೆಟಿವ್ ಗುಂಪಿನದು. ಅವಳ ಗಂಡನದು ಪಾಸಿಟಿವ್. ಮಗುವಿನದು ಅಪ್ಪನ ಹಾಗೆ ಇದ್ದರೆ ತಾಯಿಯ ರಕ್ತ ಅದನ್ನು ಹೊರಗಿನದೆಂದು ತಿಳಿದು ಎದುರು ಬೀಳಬಹುದು. ಹಾಗಾಗದಂತೆ ಮೊದಲೇ ಒಂದು ಇಂಜೆಕ್ಷನ್ ಕೊಡುತ್ತಾರೆ. ಅದಕ್ಕೂ ಮುಂಚೆ, ಜಗಳ ಈಗಾಗಲೇ ಶುರುವಾಗಿದೆಯೇ ಎಂದು ನೋಡಲು ರಕ್ತ ಪರೀಕ್ಷೆ ಮಾಡುತ್ತಾರೆ. ಆ ಪರೀಕ್ಷೆಗೆ ರಕ್ತವನ್ನು ದೂರದ ಲ್ಯಾಬಿಗೆ ಕಳಿಸಿದ್ದರು. ವರದಿ ಬರುವ ಮೊದಲೇ ಪುಟ್ಟಿ ಹೊರಟುಬಂದಿದ್ದಳು.

"ಅಲ್ಲಿನ ಡಾಕ್ಟ್ರು ಏನಂದ್ರು?" ಕೇಳಿದಳು ಕಾಜಮ್ಮ, ಮಗಳ ಕಾಲ ಕೆಳಗೆ ದಿಂಬು ಇಡುತ್ತಾ.

"ರಕ್ತ ಸಿಗೋ ಆಸ್ಪತ್ರೇಲೇ ತೋರಿಸಿ ಅಂದ್ರು. ಅದಕ್ಕೆ ನಾನು ಅಂದ್ಕೊಂಡೆ, ದೊಡ್ಡಾಸ್ಪತ್ರೆಗೇ ಹೋಗೋಣ ಅಂತ."

"ದೊಡ್ಡಾಸ್ಪತ್ರೆ! ಎರಡು ಬಸ್ಸು ಬದಲಾಯಿಸ್ಬೇಕು ಕಣೇ. ನೋವು ಬಂದ್ರೆ ಬಸ್ಸಲ್ಲಿ ಕಂಡಕ್ಟರ್ ಕೈಲಿ ಹೆರಿಗೆ ಮಾಡಿಸ್ತೀಯಾ? ಇಲ್ಲೇ ಎರಡು ಬೀದಿ ಆಚೆ ನರ್ಸಿಂಗ್ ಹೋಮಿದೆ. ನೀನು ಹುಟ್ಟಿದ್ದೇ ಅಲ್ಲಿ. ಎದ್ದು ನಡ್ಕೊಂಡು ಹೋಗಿ ಹೆತ್ತು ಬರಬಹುದು."

"ಅಲ್ಲಿ ರಕ್ತ ಇಟ್ಟಿರಲ್ಲಮ್ಮ."

"ಬೇಕಾದ್ರೆ ತರಿಸ್ತಾರೆ. ಇಷ್ಟು ವರ್ಷ ಹೆತ್ತವರೆಲ್ಲ ರಕ್ತ ಜೊತೇಲಿ ಹೊತ್ಕೊಂಡು ಹೋಗಿದ್ರಾ?"

ಪುಟ್ಟಿ ನಕ್ಕು ಸುಮ್ಮನಾದಳು. ತಾಯಿಯ ಮಾತಿನ ಮುಂದೆ ಸುಮ್ಮನಾಗುವುದು ಅವಳಿಗೂ ಉಸಿರಾಡಿದಷ್ಟೇ ಸಹಜ.

ಹತ್ತಿರ ಎಂಬುದು ನಿಜವಾದ ಕಾರಣವೇ. ಆದರೆ ಅದರ ಕೆಳಗೆ ಇನ್ನೊಂದು ಕಾರಣ ಮಲಗಿತ್ತು. ದೊಡ್ಡಾಸ್ಪತ್ರೆಯಲ್ಲಿ ಕೇಳುತ್ತಾರೆ. ಮೇಜಿನ ಈಚೆ ಒಬ್ಬರು, ಆಚೆ ಒಬ್ಬರು, ಕೇಳಿದ್ದನ್ನೇ ಕೇಳಿ ಬರೆದುಕೊಳ್ಳುತ್ತಾರೆ. ಎರಡು ವರ್ಷದ ಹಿಂದೆ ಪುಟ್ಟಿ ಹತ್ತು ದಿನಕ್ಕೆಂದು ತಾಯಿಯ ಮನೆಗೆ ಬಂದಿದ್ದಾಗ ಹೊಟ್ಟೆನೋವು ಬಂದು, ನಾಲ್ಕನೇ ತಿಂಗಳಿಗೆ ಕಾಲಿಟ್ಟಿದ್ದ ಬಸಿರೊಂದು ಹೋಗಿತ್ತು. ತಿಂಗಳ ಲೆಕ್ಕ ಯಾವತ್ತೂ ಸರಿಯಿಲ್ಲದ ಹುಡುಗಿ. ಬಸಿರು ನಿಂತಿದೆ ಎಂದು ಗೊತ್ತಾಗಿದ್ದೂ ಅದು ಹೋದದ್ದೂ ಒಂದೇ ವಾರದಲ್ಲಿ. ಗಂಡನಿಗೆ ಹೇಳುವಷ್ಟು ಸಮಯವೇ ಇರಲಿಲ್ಲ. ಆಸ್ಪತ್ರೆಗೆ ಹೋಗಲಿಲ್ಲ. ಕಾಜಮ್ಮನೇ ಬಿಸಿನೀರು ಕಾಯಿಸಿ, ಚಾಪೆ ತೊಳೆದು, ಮಗಳ ಗಲ್ಲ ಹಿಡಿದು ಹೇಳಿದ್ದಳು: "ಯಾರ ಹತ್ರಾನೂ ಬಾಯಿ ಬಿಡ್ಬೇಡ. ಇವಳ ಹೊಟ್ಟೇಲಿ ಕೂಸು ನಿಲ್ಲಲ್ಲ ಅಂತ ಒಂದು ಮಾತು ಆ ಮನೇಲಿ ಹುಟ್ಟಿದ್ರೆ ಮುಗೀತು, ಸಾಯೋವರೆಗೂ ಬೆನ್ನು ಬಿಡಲ್ಲ. ಇದು ಲೆಕ್ಕಕ್ಕಿಲ್ಲ. ತಿಳೀತಾ?"

ತಿಳಿಯಿತು. ತಾಯಿ ಕಾರ್ಡಿನಲ್ಲಿ, ಹಿಂದಿನ ಬಸಿರು ಎಂಬ ಕಡೆ, ಸೊನ್ನೆ ಬರೆಸಿಕೊಂಡು ಬಂದಿದ್ದಳು.

ನರ್ಸಿಂಗ್ ಹೋಮಿಗೆ ಮೂರು ಮೆಟ್ಟಿಲು, ಒಂದು ಬೆಂಚು, ಬಿಳಿಯ ಪರದೆ. ಡಾಕ್ಟರಮ್ಮ ವಾರಕ್ಕೆ ಎರಡು ದಿನ ಬರುವವರು. ಉಳಿದ ದಿನವೆಲ್ಲ ಸಿಸ್ಟರ್ ಕೈಯಲ್ಲಿ. ಪುಟ್ಟಿಯನ್ನು ಕಾಜಮ್ಮನ ಹೊಟ್ಟೆಯಿಂದ ಎತ್ತಿದ್ದು ಇದೇ ಸಿಸ್ಟರ್. ಈಗ ದಪ್ಪ ಕನ್ನಡಕ, ನೋಯುವ ಮೊಣಕಾಲು.

ಡಾಕ್ಟರಮ್ಮ ಕಾರ್ಡಿನ ಹಾಳೆಗಳನ್ನು ತಿರುವಿದರು. ಹೊಟ್ಟೆಗೆ ಟೇಪು ಹಿಡಿದು ಅಳೆದರು, ಮಗುವಿನ ಎದೆಬಡಿತ ಕೇಳಿಸಿಕೊಂಡರು. ಆಮೇಲೆ ಪುಟ್ಟಿಯ ಮುಖ ನೋಡಿ ಕೇಳಿದರು: "ಇದಕ್ಕೆ ಮುಂಚೆ ಯಾವುದಾದ್ರೂ ನಿಂತು ಹೋಗಿತ್ತೇನಮ್ಮಾ?"

"ಇಲ್ಲ ಡಾಕ್ಟ್ರೇ, ಇದೇ ಮೊದಲು" ಎಂದಳು ಕಾಜಮ್ಮ.

"ನಿಮ್ಮನ್ನಲ್ಲ, ಅವಳನ್ನ ಕೇಳಿದ್ದು."

ಪುಟ್ಟಿ ತಾಯಿಯ ಕಡೆ ನೋಡಿದಳು. "ಇದೇ ಮೊದಲು" ಎಂದಳು.

"ಮೊದಲನೆಯದಾದ್ರೆ ಅಷ್ಟು ಭಯ ಇಲ್ಲ, ಹಿಂದೆ ಒಂದು ಹೋಗಿದ್ರೆ ಆಗಲೇ ರಕ್ತ ಜಗಳ ಕಲಿತುಬಿಟ್ಟಿರುತ್ತೆ. ಆದ್ರೂ ಆ ರಕ್ತದ ವರದಿ ನೋಡದೆ ನಾನು ಇಂಜೆಕ್ಷನ್ ಕೊಡಲ್ಲ. ಬಂದ ತಕ್ಷಣ ತಂದು ತೋರಿಸಿ. ಇಲ್ಲದಿದ್ರೂ ಹದಿನೈದು ದಿನಕ್ಕೆ ಬನ್ನಿ. ಮಗು ಒದೆಯೋದು ಕಮ್ಮಿ ಆದ್ರೆ ಮಾತ್ರ ಒಂದು ಕ್ಷಣಾನೂ ಕಾಯ್ಬೇಡಿ."

ಅಳಿಯ ಆ ಭಾನುವಾರವೇ ಬಂದ. ಲ್ಯಾಬಿನಿಂದ ವರದಿ ತೆಗೆದುಕೊಂಡು, ನೇರ ಅಂಗಡಿಗೆ ಹೋಗಿ, ಅದಕ್ಕೆ ಮಾಡಬೇಕಾದ್ದೆಲ್ಲ ಮಾಡಿ ತಂದಿದ್ದ. ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ ಚೀಲದಿಂದ ಎಳೆದು ತೋರಿಸಿದ. ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಕೂತ ಹಾಳೆ. ಬೆಳಕಿಗೆ ಹಿಡಿದರೆ ಮಿಂಚುತ್ತಿತ್ತು.

"ಲ್ಯಾಮಿನೇಷನ್ ಮಾಡಿದೀನಿ ಅತ್ತೆ. ಒಂದು ಕಡೆ ರಕ್ತದ್ದು, ತಿರುಗಿಸಿದ್ರೆ ಸ್ಕ್ಯಾನಿನ ಜೆರಾಕ್ಸು. ಬೆನ್ನಿಗೆ ಬೆನ್ನು ಇಟ್ಟು ಒಂದರಲ್ಲೇ ಹಾಕ್ದೆ. ಎರಡು ಹಿಡ್ಕೊಂಡು ಓಡಾಡೋದ್ಯಾಕೆ? ನೀರು ಬಿದ್ರೂ ಏನೂ ಆಗಲ್ಲ."

ಕಾಜಮ್ಮ ಅಂಚಿನ ಮೇಲೆ ಬೆರಳಾಡಿಸಿ ನೋಡಿದಳು. ಕೆಲಸ ಬಲ್ಲವಳು, ಬೇರೆಯವರ ಅಚ್ಚುಕಟ್ಟನ್ನು ಕಂಡರೆ ಅವಳಿಗೆ ತಾನಾಗಿಯೇ ಗೌರವ ಬರುತ್ತಿತ್ತು. "ಭೇಷ್ ಅಳಿಯಂದ್ರೇ. ನನ್ನ ಮಗಳನ್ನೂ ಹೀಗೇ ಒಂದು ಪ್ಲಾಸ್ಟಿಕ್ಕಲ್ಲಿ ಹಾಕಿಬಿಡಿ, ನೆಗಡಿಯಾದ್ರೂ ಬರೋದು ತಪ್ಪುತ್ತೆ."

ಅವನು ಕಿವಿಯವರೆಗೂ ಕೆಂಪಾಗಿ ನಕ್ಕ. ಪುಟ್ಟಿಯ ಪಕ್ಕ ಕೂತು ಹೊಟ್ಟೆಯ ಮೇಲೆ ಕೈಯಿಟ್ಟ. ಒಳಗಿನಿಂದ ಒಂದು ಒದೆ ಬಿತ್ತು. "ಗುರುತು ಹಿಡೀತು ನೋಡಿ!" ಎಂದು ಕೂಗಿದ. ಸಂಜೆಯ ಬಸ್ಸಿಗೆ ವಾಪಸಾದ.

ಮಾರನೆಯ ದಿನ ಕಾಜಮ್ಮ ಒಬ್ಬಳೇ ವರದಿ ಹಿಡಿದು ನರ್ಸಿಂಗ್ ಹೋಮಿಗೆ ಹೋದಳು. ಡಾಕ್ಟರಮ್ಮ ಬರುವ ದಿನವಲ್ಲ. ಸಿಸ್ಟರ್ ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದಿದರು. ರಕ್ತದ ಗುಂಪು, ರಕ್ತದ ಅಂಶ, ಸಕ್ಕರೆ, ಥೈರಾಯಿಡ್. ಎಲ್ಲವೂ ಇರಬೇಕಾದಷ್ಟೇ ಇದ್ದವು. ತಿರುಗಿಸಿದರು. ಸ್ಕ್ಯಾನ್: ಮಗು ಚೆನ್ನಾಗಿ ಬೆಳೆದಿದೆ, ನೀರು ಸರಿಯಿದೆ; ಎರಡು ತಿಂಗಳ ಹಿಂದಿನದು.

"ಎಲ್ಲ ಸರಿಯಾಗಿದೆ ಕಣೇ. ವರದಿ ಬಂತು ಅಂತ ಬರ್ಕೋತೀನಿ. ಅವಳ ತಾರೀಖಿಗೆ ಬಂದಾಗ ಡಾಕ್ಟರಮ್ಮ ನೋಡಿ ಇಂಜೆಕ್ಷನ್ ಹಾಕ್ತಾರೆ."

ಸರಿಯಾಗಿದೆ ಎಂಬ ಮಾತನ್ನು ಕಾಜಮ್ಮ ಬಿಸಿ ಪಾತ್ರೆಯ ಹಾಗೆ ಸೆರಗಲ್ಲಿ ಹಿಡಿದುಕೊಂಡು ಮನೆಗೆ ಬಂದಳು. ಆ ವಾರ ಅಂಗಡಿಯಲ್ಲಿ ದಿನಕ್ಕೆ ಎಂಬತ್ತು ಕಾಜ ಮಾಡಿದಳು. ಮೇಷ್ಟ್ರು "ಅಜ್ಜಿ ಆಗೋ ಖುಷೀಲಿ ಕೈ ಓಡ್ತಿದೆ" ಎಂದು ಛೇಡಿಸಿದರು.

ವರದಿ ತೋರಿಸಿ ಬಂದು ಎಂಟು ದಿನವಾಗಿತ್ತು. ಮಧ್ಯಾಹ್ನ ಊಟಕ್ಕೆ ಬಂದಾಗ ಪುಟ್ಟಿ ಗೋಡೆಗೊರಗಿ ಕೂತಿದ್ದಳು, ತಟ್ಟೆ ಮುಟ್ಟದೆ.

"ಅಮ್ಮ, ಬೆಳಿಗ್ಗೆಯಿಂದ ಎರಡೇ ಸಲ ಅಲುಗಿದ್ದು."

"ನಿದ್ದೆ ಮಾಡ್ತಿರುತ್ತೆ."

"ನಿನ್ನೆಯೂ ಹೀಗೇ ಇತ್ತು. ಒದೆಯೋದಲ್ಲ, ಏನೋ ಮೆಲ್ಲಗೆ ಉರುಳಿದ ಹಾಗೆ."

ಕಾಜಮ್ಮ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿದಳು. ತಟ್ಟೆ ಹಾಗೇ ಬಿಟ್ಟು, ಫೈಲು ಎತ್ತಿಕೊಂಡು ಹೊರಟರು. ಎರಡು ಬೀದಿ. ಹತ್ತಿರವಿದ್ದದ್ದು ಒಳ್ಳೆಯದಾಯಿತಲ್ಲ ಎಂದು ಆಗಲೂ ಅವಳ ಮನಸ್ಸು ತನ್ನ ಬೆನ್ನು ತಾನೇ ತಟ್ಟಿಕೊಂಡಿತು.

ಡಾಕ್ಟರಮ್ಮ ಇದ್ದರು. ಎದೆಬಡಿತ ಕೇಳುವ ಮಿಷನ್ನಿನ ಪಟ್ಟಿ ಕಟ್ಟಿ, ಹೊರಬರುತ್ತಿದ್ದ ಕಾಗದದ ಗೆರೆಯನ್ನು ನೋಡುತ್ತಾ ನಿಂತರು. ಮೇಲೆ ಕೆಳಗೆ ಚುರುಕಾಗಿ ಹೋಗಬೇಕಾದ ಗೆರೆ ನಿಧಾನ ಅಲೆಯ ಹಾಗೆ, ಒಂದೇ ಸಮನೆ ತೂಗುತ್ತಿತ್ತು. ಅವರ ಮುಖ ಬಿಗಿಯಾಯಿತು.

"ಆ ರಕ್ತದ ವರದಿ ಎಲ್ಲಿ?"

ಕಾಜಮ್ಮ ಪ್ಲಾಸ್ಟಿಕ್ ಹಾಳೆಯನ್ನು ಕೊಟ್ಟಳು. ಡಾಕ್ಟರಮ್ಮ ಮೇಲಿಂದ ಕೆಳಗೆ ಓದಿ, ಬುಡದಲ್ಲಿ ಬೆರಳಿಟ್ಟರು. "ಎರಡರಲ್ಲಿ ಒಂದನೇ ಪುಟ ಅಂತಿದೆ. ಎರಡನೇದು?"

"ಅಷ್ಟೇ ಇರೋದು ಡಾಕ್ಟ್ರೇ."

ಡಾಕ್ಟರಮ್ಮ ಹಾಳೆ ತಿರುಗಿಸಿದರು. ಸ್ಕ್ಯಾನ್ ವರದಿ. ಮತ್ತೆ ತಿರುಗಿಸಿದರು. ಆಮೇಲೆ ಟ್ರೇಯಿಂದ ಕತ್ತರಿ ಎತ್ತಿ ಪ್ಲಾಸ್ಟಿಕ್ಕಿನ ಮೂರು ಅಂಚನ್ನೂ ಕತ್ತರಿಸಿದರು. ಮುಖದ ಕಡೆಯಷ್ಟೇ ಪ್ಲಾಸ್ಟಿಕ್ಕಿಗೆ ಅಂಟಿದ್ದ ಎರಡು ಹಾಳೆಗಳು ಅವರೆಕಾಯಿಯ ಹಾಗೆ ಬಿಚ್ಚಿಕೊಂಡವು. ರಕ್ತದ ವರದಿಯ ಬೆನ್ನಲ್ಲಿ ಎರಡನೇ ಪುಟ ಅಚ್ಚಾಗಿತ್ತು. ನಾಲ್ಕೇ ಸಾಲು. ಒಂದು ಸಾಲು ದಪ್ಪಕ್ಷರದಲ್ಲಿ.

"ಜಗಳ ಶುರುವಾಗಿ ಎಷ್ಟೋ ದಿನ ಆಗಿದೆ" ಎಂದರು ಡಾಕ್ಟರಮ್ಮ. ದನಿ ಏರಿಸಲಿಲ್ಲ. "ಇಂಜೆಕ್ಷನ್ನಿನ ಹೊತ್ತು ಯಾವತ್ತೋ ದಾಟಿಹೋಗಿದೆ. ಇದು ಮೊದಲನೇ ಬಸಿರಲ್ಲ. ಅಲ್ವಾ?"

ಸಿಸ್ಟರ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಈ ಸಲ ಉತ್ತರ ಕೊಟ್ಟದ್ದು ಪುಟ್ಟಿ. "ಎರಡು ವರ್ಷದ ಹಿಂದೆ. ನಾಲ್ಕನೇ ತಿಂಗಳು. ಮನೇಲೇ ಆಯ್ತು."

"ಆಗ ಒಂದು ಇಂಜೆಕ್ಷನ್ ಬಿದ್ದಿದ್ರೆ..." ಎಂದವರು ಅಲ್ಲಿಗೇ ನಿಲ್ಲಿಸಿ ಫೋನು ತೆಗೆದುಕೊಂಡರು. ಇಲ್ಲಿ ಮಗುವಿಗೆ ರಕ್ತ ಬದಲಾಯಿಸುವ ಅನುಕೂಲವಿಲ್ಲ, ಈಗಲೇ ಕಳಿಸುತ್ತಿದ್ದೇನೆ, ನೆಗೆಟಿವ್ ರಕ್ತ ತಯಾರಿಡಿ ಎಂದು ದೊಡ್ಡಾಸ್ಪತ್ರೆಗೆ ಹೇಳಿದರು. ಚೀಟಿ ಬರೆದು ಆಂಬುಲೆನ್ಸ್ ಹತ್ತಿಸಿದರು.

ದೊಡ್ಡಾಸ್ಪತ್ರೆಯ ಸ್ಕ್ಯಾನ್ ಕೋಣೆಯಲ್ಲಿ ಮಗುವಿನ ಹೊಟ್ಟೆಯ ಸುತ್ತ, ಹೃದಯದ ಸುತ್ತ ನೀರು ತುಂಬಿದ್ದು ಕಾಣಿಸಿತು. ಚಿಕ್ಕ ವಯಸ್ಸಿನ ಡಾಕ್ಟರ್ ಒಬ್ಬ ಬಂದು ಮುಚ್ಚುಮರೆಯಿಲ್ಲದೆ ಹೇಳಿದ. ಮಗುವಿನ ಮೈಯಲ್ಲಿ ರಕ್ತವೇ ಉಳಿದಿಲ್ಲ, ಹೃದಯ ಸೋತಿದೆ. ಹೊಟ್ಟೆ ಕೊಯ್ದು ಈಗಲೇ ತೆಗೆಯುತ್ತೇವೆ, ರಕ್ತ ಬದಲಾಯಿಸುತ್ತೇವೆ. ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಹೆಣ್ಣುಮಗು. ಅತ್ತದ್ದು ಯಾರಿಗೂ ಕೇಳಿಸಲಿಲ್ಲ. ಬಟ್ಟೆ ಸುತ್ತಿ ಓಡಿಸಿಕೊಂಡು ಹೋಗುವಾಗ ಕಾಜಮ್ಮನಿಗೆ ಒಂದು ಗಳಿಗೆ ಕಂಡಿತು: ಮೇಣದ ಬಣ್ಣ, ಊದಿದ ಮೈ, ಮುಚ್ಚಿದ ರೆಪ್ಪೆ.

ಅಳಿಯ ಸಂಜೆ ಬಂದ. ಕಾರಿಡಾರಿನ ಬೆಂಚಿನಲ್ಲಿ ಅತ್ತೆಯ ಪಕ್ಕ ಕೂತ. ಚಿಕ್ಕ ಡಾಕ್ಟರ್ ಅವನಿಗೂ ಎಲ್ಲ ಬಿಡಿಸಿ ಹೇಳಿದ್ದ, ಹಿಂದಿನದ್ದನ್ನೂ ಸೇರಿಸಿ. ಬೈಯುತ್ತಾನೆ ಎಂದು ಕಾಜಮ್ಮ ತಲೆ ತಗ್ಗಿಸಿ ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಆ ಹಾಳೆ ಎರಡೂ ಕಡೆ ಅಚ್ಚಾಗಿತ್ತು ಅತ್ತೆ" ಎಂದ ಅವನು. "ದಿನಕ್ಕೆ ನೂರು ಹಾಳೆ ನೋಡೋನು ನಾನು. ಹಿಂದೆ ಏನಾದ್ರೂ ಇದೆಯಾ ಅಂತ ಎಲ್ಲರ ಹಾಳೇನೂ ತಿರುಗಿಸಿ ನೋಡ್ತೀನಿ. ಅವತ್ತು ನೋಡ್ಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು."

"ನಿಮ್ಮದಲ್ಲ. ನಾನು ಸುಳ್ಳು ಹೇಳಿದ್ದಕ್ಕೆ."

"ಚೆನ್ನಾಗಿರ್ಲಿ ಅಂತ ಮಾಡಿದ್ದು ನಾನು."

"ನಾನೂ ಅದಕ್ಕೇ."

ಇಬ್ಬರ ಹತ್ತಿರವೂ ತಮ್ಮ ತಮ್ಮ ಪಾಲು ಇತ್ತು. ಒಬ್ಬರದನ್ನು ಇನ್ನೊಬ್ಬರು ಹೊರುವ ಹಾಗಿರಲಿಲ್ಲ. ಒಬ್ಬ ಆಯಾ ನೆಲ ಒರೆಸುತ್ತಾ ಬಂದು "ಕಾಲೆತ್ತಿ" ಎಂದಳು. ಇಬ್ಬರೂ ಒಟ್ಟಿಗೆ ಕಾಲೆತ್ತಿ ಕೂತರು.

ಎರಡು ಸಲ ರಕ್ತ ಬದಲಾಯಿಸಿದರು. ಗಾಜಿನ ಆಚೆ, ಕೊಳವೆಗಳ ನಡುವೆ ಮಲಗಿದ್ದ ಮಗುವನ್ನು ಹತ್ತು ನಿಮಿಷ ನೋಡಲು ಕಾಜಮ್ಮನಿಗೆ ಬಿಟ್ಟರು. ಪುಟ್ಟಿಗೆ ಹೊಲಿಗೆಯ ನೋವು, ಜ್ವರ, ಏಳುವ ಹಾಗಿರಲಿಲ್ಲ. ನಾಳೆ ಮಧ್ಯಾಹ್ನ ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗುತ್ತೇವೆ ಎಂದಿದ್ದರು ನರ್ಸುಗಳು. ಪುಟ್ಟಿ ತಲೆ ಬಾಚಿಸಿಕೊಂಡಿದ್ದಳು.

ಮಾರನೆಯ ದಿನ ಬೆಳಗಿನ ಹತ್ತಕ್ಕೆ ಮಗು ಹೋಯಿತು.

ಚಿಕ್ಕ ಡಾಕ್ಟರ್ ಮಂಚದ ಕಾಲಬಳಿ ನಿಂತು ತಾನೇ ಹೇಳಿದ. ಮುಂದಿನ ಸಲ ಬಸಿರು ಎಂದು ಗೊತ್ತಾದ ದಿನವೇ ಇಲ್ಲಿಗೆ ಬರಬೇಕು, ಆಗಲೂ ಸುಲಭವಿಲ್ಲ, ಇದಕ್ಕಿಂತ ಬೇಗನೆ ತೊಂದರೆ ಶುರುವಾಗಬಹುದು, ಈಗ ಆ ಇಂಜೆಕ್ಷನ್ ಕೊಟ್ಟು ಪ್ರಯೋಜನವಿಲ್ಲ ಎಂದ. ಒಳಗಿರುವಾಗಲೇ ಮಗುವಿಗೆ ರಕ್ತ ಕೊಡುವ ದಾರಿಯೂ ಇದೆ ಎಂದು ಸೇರಿಸಿದ. ಅದು ಸಮಾಧಾನಕ್ಕೆ ಹೇಳಿದ್ದೋ ನಿಜವೋ ಕೇಳುವ ಶಕ್ತಿ ಅಲ್ಲಿ ಯಾರಿಗೂ ಇರಲಿಲ್ಲ. ಅಳಿಯ ಸಹಿ ಹಾಕಲು ಅವನ ಹಿಂದೆ ಹೋದ.

ತಾಯಿ ಮಗಳು ಇಬ್ಬರೇ ಉಳಿದರು. ಪಕ್ಕದ ಮಂಚದವಳು ಗೌರವಕ್ಕೋ ಭಯಕ್ಕೋ ತನ್ನ ಕೂಸನ್ನು ಎತ್ತಿಕೊಂಡು ಆ ಕಡೆ ತಿರುಗಿದ್ದಳು. ಪುಟ್ಟಿಯ ಎದೆಯ ಮೇಲೆ ಗೌನು ಎರಡು ಕಡೆ ಒದ್ದೆಯಾಗುತ್ತಿತ್ತು. ಕಾಜಮ್ಮ ಒಣಬಟ್ಟೆ ಮಡಚಿ ಒಳಗಿಟ್ಟಳು. ಸ್ವಲ್ಪ ಹೊತ್ತಿಗೆ ಅದೂ ಒದ್ದೆಯಾಯಿತು.

"ನೀನು ನೋಡಿದ್ಯಲ್ಲ ಅಮ್ಮ" ಎಂದಳು ಪುಟ್ಟಿ. "ಕಣ್ಣು ಬಿಟ್ಟಿತ್ತಾ?"

ಹೌದು ಎಂಬ ಮಾತು ಕಾಜಮ್ಮನ ನಾಲಿಗೆಯ ತುದಿಗೆ ಬಂದಿತ್ತು. ನಿನ್ನ ಹಾಗೇ ಇತ್ತು ಕಣ್ಣು, ನನ್ನನ್ನೇ ನೋಡಿತು ಎಂದು ಹೇಳಲು ಎಲ್ಲ ಮಾತೂ ಸಾಲಾಗಿ ನಿಂತಿದ್ದವು. ಮಗಳು ಅವಳ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ ಕಣೇ" ಎಂದಳು ಕಾಜಮ್ಮ. "ಬಿಡ್ಲಿಲ್ಲ."

ಪುಟ್ಟಿ ತಲೆಯಾಡಿಸಿದಳು. ನಿಧಾನವಾಗಿ, ಹೊಲಿಗೆ ನೋಯದ ಹಾಗೆ, ಗೋಡೆಯ ಕಡೆ ತಿರುಗಿ ಮಲಗಿದಳು. ನರ್ಸೊಬ್ಬಳು ಜ್ವರ ನೋಡಲು ಬಂದು, ಬೆನ್ನು ಮುಟ್ಟಿ ಎಬ್ಬಿಸಿದಳು.